ಅಡುಗೆಮನೆ ಐ ಡ್ರಾಪ್ಸ್ ಪ್ರೈವೇಟ್ ಲಿಮಿಟೆಡ್

ಕಣ್ಣಿಗೆ ಬಿಡುವ ಹನಿ ತಯಾರಿಸುವ ಕಾರ್ಖಾನೆ ಹಾಕಬೇಕಾದರೆ ಲೈಸೆನ್ಸ್ ಬೇಕು. ಸೋಸಿದ ಗಾಳಿಯ ಕೋಣೆ ಬೇಕು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ಕೆಲಸಗಾರರು ಬೇಕು. ಪ್ರತಿ ಬ್ಯಾಚಿನಿಂದ ಒಂದಷ್ಟು ತೆಗೆದು 14 ದಿನ ಪೋಷಕ ದ್ರವದಲ್ಲಿಟ್ಟು, ಏನಾದರೂ ಬೆಳೆಯುತ್ತದಾ ಎಂದು ಕಾದು ನೋಡುವ ಲ್ಯಾಬ್ ಬೇಕು. ಇಷ್ಟೆಲ್ಲ ರಗಳೆ ಯಾಕೆ ಎಂದು ನಮ್ಮ ಅಡುಗೆಮನೆಗಳು ಯಾವತ್ತೋ ತೀರ್ಮಾನ ಮಾಡಿಬಿಟ್ಟಿವೆ. ಒಂದು ಪಾತ್ರೆ, ಒಂದು ಹಳೇ ಪಂಚೆ, ಹಿತ್ತಲಲ್ಲೊಂದು ನಂದಿಬಟ್ಟಲು ಗಿಡ ಇದ್ದರೆ ಉತ್ಪಾದನೆ ಶುರು. ಹಿತ್ತಲೇ ಇಲ್ಲದ ಅಪಾರ್ಟ್‌ಮೆಂಟಿನವರಿಗೆ ರೋಸ್ ವಾಟರ್ ಇದೆ. ಬಾಟಲಿಯ ಮೇಲೆ ‘ಬಾಹ್ಯ ಬಳಕೆಗೆ ಮಾತ್ರ’ ಎಂದು ಬರೆದಿರುತ್ತದೆ, ನಿಜ. ಕಣ್ಣೂ ಹೊರಗಡೆಯೇ ಇದೆಯಲ್ಲ!

ಮಾರ್ಕೆಟಿಂಗ್ ವಿಭಾಗವನ್ನು ರೀಲ್ಸ್‌ನವರು ಪುಕ್ಕಟೆ ನೋಡಿಕೊಳ್ಳುತ್ತಾರೆ. ಹಿಂದೆ ವೀಣೆ ನುಡಿಯುತ್ತಿರುತ್ತದೆ, ಮುಂದೆ ತಾಮ್ರದ ಬಟ್ಟಲು, ನೀರಲ್ಲಿ ತೇಲುವ ಬಿಳಿ ಹೂ. ‘ಏಳೇ ದಿನದಲ್ಲಿ ಕನ್ನಡಕ ಬಿಸಾಕಿ.’ ಕನ್ನಡಕದ ನಂಬರು ಇರುವುದು ಕಣ್ಣುಗುಡ್ಡೆಯ ಉದ್ದ ಮತ್ತು ಕಪ್ಪುಗುಡ್ಡೆಯ ಮುಂದಿನ ಗಾಜಿನಂಥ ಪದರವಾದ ಕಾರ್ನಿಯಾದ ಬಾಗಿನಲ್ಲಿ. ಹೂವಿನ ನೀರು ಆ ಉದ್ದವನ್ನು ಹೇಗೆ ಮೊಟಕು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ, ಲೈಕ್ ಒತ್ತುತ್ತಾರೆ. 2025ರ ಜೂನ್‌ನಲ್ಲಿ ಪುಣೆಯ ಮಹಿಳೆಯೊಬ್ಬರು ಬೆಳಗಿನ ತಮ್ಮದೇ ಮೂತ್ರದಲ್ಲಿ ಕಣ್ಣು ತೊಳೆದು ವಿಡಿಯೋ ಹಾಕಿದ್ದರು. ಅದನ್ನು ನೋಡಿ ಛೀ ಎಂದು ಮುಖ ಸಿಂಡರಿಸಿದ ಎಷ್ಟು ಮಂದಿ, ಫೋನ್ ಕೆಳಗಿಟ್ಟು ರಾತ್ರಿ ನೆನೆಸಿದ ತ್ರಿಫಲಾ ನೀರಿಗೆ ಕಣ್ಣೊಡ್ಡಲು ಹೋದರೋ.

ಇರಲಿ. ಕಾರ್ಖಾನೆಗೆ ಒಬ್ಬ ಡ್ರಗ್ ಇನ್‌ಸ್ಪೆಕ್ಟರ್ ಬಂದ ಎಂದಿಟ್ಟುಕೊಳ್ಳಿ. ಮನೆಯ ದೊಡ್ಡಮ್ಮನೇ ಮ್ಯಾನೇಜಿಂಗ್ ಡೈರೆಕ್ಟರ್.

“ಕಚ್ಚಾ ಸಾಮಗ್ರಿ ಎಲ್ಲಿಂದಮ್ಮ?”

“ಗಿಡದಿಂದಪ್ಪ, ಬೆಳಗ್ಗೆ ಬೆಳಗ್ಗೇನೇ ಕಿತ್ತಿದ್ದು. ಫ್ರೆಶ್ಶು.”

ಫ್ರೆಶ್ಶೇ. ಎಸಳಿನ ಬುಡದಲ್ಲಿ ಓಡಾಡುವ ಇರುವೆಯೂ ಫ್ರೆಶ್ಶು, ಮಣ್ಣಿನಿಂದ ಎದ್ದು ಕೂತ ಬೂಷ್ಟೂ ಫ್ರೆಶ್ಶು. ಫ್ಯುಸೇರಿಯಂ, ಆಸ್ಪರ್‌ಜಿಲಸ್ ಎಂಬ ಎರಡು ಬೂಷ್ಟುಗಳಿವೆ. ಮಣ್ಣು, ಎಲೆ, ಒಣಹುಲ್ಲಿನಲ್ಲಿ ಇವು ಹಾಯಾಗಿ ಬದುಕುತ್ತವೆ. ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣಿಗೆ ದೊಡ್ಡ ಕಾರಣಗಳಲ್ಲಿ ಇವೂ ಸೇರಿವೆ. ಹೂವನ್ನು ನಲ್ಲಿ ಕೆಳಗೆ ಹಿಡಿದು ಅಲ್ಲಾಡಿಸಿದ ಮಾತ್ರಕ್ಕೆ ಹೋಗುವ ಜಾತಿಯಲ್ಲ. ಅಂಥ ಹೂವನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟರೆ, ಲ್ಯಾಬಿನವರು ಕ್ರಿಮಿ ಬೆಳೆಸಲು ಏನು ಮಾಡುತ್ತಾರೋ ಹೆಚ್ಚೂಕಮ್ಮಿ ಅದನ್ನೇ ಮಾಡಿದಂತೆ.

“ಅಯ್ಯೋ, ನಾವು ಕುದಿಸ್ತೀವಿ!” ದೊಡ್ಡಮ್ಮನ ಬ್ರಹ್ಮಾಸ್ತ್ರ ಇದು.

ಕುದಿಸಿದರೆ ಬಹುಪಾಲು ಕ್ರಿಮಿ ಸಾಯುತ್ತವೆ, ಒಪ್ಪೋಣ. ಕೆಲವು ಬ್ಯಾಕ್ಟೀರಿಯಾಗಳು ಮಾತ್ರ ಗಟ್ಟಿ ಕವಚದ ಬೀಜಾಣುಗಳಾಗಿ ಕೂತುಬಿಡುತ್ತವೆ, 100 ಡಿಗ್ರಿಗೂ ಜಗ್ಗುವುದಿಲ್ಲ. ಅದಕ್ಕೇ ಆಸ್ಪತ್ರೆಯವರು ಆಟೋಕ್ಲೇವ್‌ನಲ್ಲಿ ಒತ್ತಡ ಹಾಕಿ 121 ಡಿಗ್ರಿಯಲ್ಲಿ ಕನಿಷ್ಠ ಕಾಲು ಗಂಟೆ ಬೇಯಿಸುವುದು. ಬೀಜಾಣುಗಳ ಮಾತು ಬಿಡಿ, ನಿಜವಾದ ಎಡವಟ್ಟು ನಡೆಯುವುದು ಒಲೆ ಆರಿಸಿದ ಮೇಲೆ. ಪಾತ್ರೆಯನ್ನು ಆರಲಿ ಎಂದು ಫ್ಯಾನ್ ಕೆಳಗೆ ಇಡುತ್ತಾರೆ. ಬಿಸಿ ಹೋಯಿತಾ ಎಂದು ಬೆರಳು ಅದ್ದಿ ನೋಡುತ್ತಾರೆ. ಆ ಬೆರಳು ಐದು ನಿಮಿಷದ ಹಿಂದೆ ಕೊತ್ತಂಬರಿ ಬಿಡಿಸುತ್ತಿತ್ತು. ಆಮೇಲೆ ದೊಡ್ಡಪ್ಪನ ಪಂಚೆಯ ತುದಿಯಲ್ಲಿ ಸೋಸುತ್ತಾರೆ. ಕಾರ್ಖಾನೆಯ ಫಿಲ್ಟರಿನ ರಂಧ್ರ 0.22 ಮೈಕ್ರಾನ್. ಪಂಚೆಯ ರಂಧ್ರದಲ್ಲಿ ಬ್ಯಾಕ್ಟೀರಿಯಾ ಸಕುಟುಂಬ ಸಪರಿವಾರ ಸಮೇತ, ಯಾರ ಭುಜಕ್ಕೂ ಯಾರೂ ತಾಗದಂತೆ ದಾಟಿ ಬರಬಹುದು.

ತಯಾರಾದ ಸರಕು ಹಳೇ ಕೆಮ್ಮಿನ ಸಿರಪ್ಪಿನ ಬಾಟಲಿ ಸೇರಿ ಫ್ರಿಡ್ಜಿನ ಬಾಗಿಲಲ್ಲಿ, ದೋಸೆ ಹಿಟ್ಟಿನ ಪಕ್ಕ ಕೂರುತ್ತದೆ. ಫ್ರಿಡ್ಜ್ ಕ್ರಿಮಿಯನ್ನು ಕೊಲ್ಲುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೆ. ಅಂಗಡಿಯ ಐ ಡ್ರಾಪ್ಸನ್ನು ಮುಚ್ಚಳ ತೆಗೆದ ಒಂದು ತಿಂಗಳಿಗೆ ಎಸೆಯಿರಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದೂ ಕ್ರಿಮಿ ಬೆಳೆಯದಂತೆ ಔಷಧ ಬೆರೆಸಿದ್ದನ್ನು. ನಮ್ಮ ಕಾರ್ಖಾನೆಯ ಮಾಲಿಗೆ ಎಕ್ಸ್‌ಪೈರಿ ಎಂಬುದೇ ಇಲ್ಲ. ಬಾಟಲಿ ಖಾಲಿಯಾದ ದಿನವೇ ಎಕ್ಸ್‌ಪೈರಿ. ರೋಸ್ ವಾಟರಿನದೂ ಇದೇ ಕಥೆ. ಬೆಳಗ್ಗೆ ಮಗಳ ಫೇಸ್ ಪ್ಯಾಕಿಗೆ, ಮಧ್ಯಾಹ್ನ ಗುಲಾಬ್ ಜಾಮೂನಿಗೆ, ಸಂಜೆ ತಾತನ ಕಣ್ಣಿಗೆ. ಕಣ್ಣು ತೊಳೆಯುವ ಬಟ್ಟಲು ಯಾವುದು ಅಂದರೆ ಅದೇ ಬಾಟಲಿಯ ಮುಚ್ಚಳ. ಅದನ್ನೇ ಮನೆಮಂದಿಯೆಲ್ಲ ಸರದಿಯಲ್ಲಿ ಕಣ್ಣಿಗೆ ಒತ್ತಿಕೊಳ್ಳುವುದರಿಂದ ಒಬ್ಬರಿಗಿದ್ದ ಮದ್ರಾಸ್ ಐ ಎಲ್ಲರಿಗೂ ಸಮಪಾಲು.

ಲೈಸೆನ್ಸ್ ಇದ್ದ ಕಾರ್ಖಾನೆಯ ಕಥೆಯನ್ನೂ ಕೇಳಿ. ಚೆನ್ನೈ ಹತ್ತಿರದ ಕಂಪನಿಯೊಂದು ತಯಾರಿಸಿದ ಕೃತಕ ಕಣ್ಣೀರನ್ನು 2023ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ವಾಪಸ್ ಪಡೆಯಬೇಕಾಯಿತು. ಆ ಹನಿಗಳೊಂದಿಗೆ ತಳುಕು ಹಾಕಿಕೊಂಡಿದ್ದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ, ಅದರಲ್ಲೂ ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 18 ರಾಜ್ಯಗಳ 81 ಮಂದಿಗೆ ಸೋಂಕು ತಗುಲಿತು. 14 ಮಂದಿಯ ದೃಷ್ಟಿ ಹೋಯಿತು, ನಾಲ್ವರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು, ನಾಲ್ವರು ತೀರಿಕೊಂಡರು. ಹಲವು ಸಲ ಬಳಸುವ ಬಾಟಲಿಯಲ್ಲಿ ಕ್ರಿಮಿ ತಡೆಯುವ ಔಷಧ ಸರಿಯಾಗಿ ಇರಲಿಲ್ಲ ಎಂಬುದು ಅಲ್ಲಿನ ಔಷಧ ಇಲಾಖೆಯ ದೊಡ್ಡ ಆಕ್ಷೇಪಗಳಲ್ಲೊಂದು. ದೊಡ್ಡಮ್ಮನ ಬಾಟಲಿಯಲ್ಲೂ ಅದು ಇಲ್ಲ. ವ್ಯತ್ಯಾಸ ಇಷ್ಟೆ: ಅಲ್ಲಿ ಇನ್‌ಸ್ಪೆಕ್ಟರುಗಳು ವಿಮಾನ ಹತ್ತಿ ಬಂದು ಕಾರ್ಖಾನೆ ಜಾಲಾಡಿದರು, ಇಲ್ಲಿ ಬಂದವನಿಗೆ ಕಾಫಿ ಕೊಟ್ಟು, “ನಿನ್ನ ಕಣ್ಣೂ ಸ್ವಲ್ಪ ಕೆಂಪಾಗಿದೆಯಲ್ಲಪ್ಪ, ಎರಡು ಹನಿ ಬಿಡಲಾ?” ಅನ್ನುತ್ತಾರೆ.

ಹಾಗಾದರೆ ಅಜ್ಜಿ ಕಾಲದಿಂದ ಹಾಕಿಕೊಂಡು ಬಂದವರಿಗೆ ವಾಸಿಯಾಗಿದ್ದು ಸುಳ್ಳಾ? ಸುಳ್ಳಲ್ಲ. 2023ರ ಮಳೆಗಾಲದಲ್ಲಿ ರಾಜ್ಯದ ಶಾಲೆಗಳಿಗೆಲ್ಲ ಹಬ್ಬಿದ ಕೆಂಗಣ್ಣನ್ನು ನೆನಪಿಸಿಕೊಳ್ಳಿ. ಅಂಥ ಹಾವಳಿ ಸಾಮಾನ್ಯವಾಗಿ ವೈರಸ್‌ನದು. ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಹೂವಿನ ನೀರು ಹಾಕಿದರೂ ಇಳಿಯುತ್ತದೆ, ಹಾಕದಿದ್ದರೂ ಇಳಿಯುತ್ತದೆ. ಕ್ರೆಡಿಟ್ ಮಾತ್ರ ಹೂವಿಗೆ. ಹಾಕಿದ ಕೂಡಲೇ ತಂಪಾದರೆ ‘ಕೆಲಸ ಮಾಡ್ತಿದೆ’. ಉರಿದರೆ ‘ಕೊಳೆ ಹೊರಗೆ ಬರ್ತಿದೆ’. ಯಾವ ಕಡೆ ಬಿದ್ದರೂ ಗೆಲ್ಲುವ ಇಂಥ ಔಷಧ ಜಗತ್ತಿನಲ್ಲಿ ಇನ್ನೊಂದಿಲ್ಲ.

ಕೊಳೆ ಅನ್ನುವುದನ್ನು ಕಣ್ಣು ತಾನೇ ತೊಳೆದುಕೊಳ್ಳುತ್ತದೆ. ಕಣ್ಣೀರಿನಲ್ಲಿ ಹದವಾದ ಉಪ್ಪಿದೆ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಇದೆ. ರೆಪ್ಪೆ ನಿಮಿಷಕ್ಕೆ ಹತ್ತಾರು ಸಲ ಅದನ್ನು ಒರೆಸಿ ಹಚ್ಚುತ್ತಿರುತ್ತದೆ. ಉಪ್ಪಿಲ್ಲದ ನೀರನ್ನು ಬಟ್ಟಲುಗಟ್ಟಲೆ ಹೊಯ್ದರೆ ಈ ಕಾವಲು ಕೊಚ್ಚಿ ಹೋಗುತ್ತದೆ, ಮೇಲ್ಪದರದ ಕೋಶಗಳು ನೀರು ಹೀರಿ ಉಬ್ಬುತ್ತವೆ. ಉರಿ ತಾಳಲಾರದೆ ಉಜ್ಜುತ್ತೀರಿ, ಗೀರು ಬೀಳುತ್ತದೆ. ಒಳಗೆ ಬರಲು ಕ್ರಿಮಿಗೆ ಬೇಕಿದ್ದುದೇ ಆ ಬಾಗಿಲು. ಕಾರ್ನಿಯಾ ನಡುವಿನಲ್ಲಿ ಬರೀ ಅರ್ಧ ಮಿಲಿಮೀಟರ್ ದಪ್ಪ. ರಕ್ತನಾಳ ಇಲ್ಲ, ಹಾಗಾಗಿ ಬಿಳಿರಕ್ತಕಣಗಳ ಪಡೆ ಬರುವುದೂ ತಡ. ಸ್ಯೂಡೋಮೊನಾಸ್ ಹೊಕ್ಕರೆ ಒಂದೆರಡು ದಿನದಲ್ಲೇ ಅದನ್ನು ಕರಗಿಸಿ ತೂತು ಮಾಡಬಲ್ಲದು.

ಬೂಷ್ಟಿನದು ಮಾತ್ರ ನಿಧಾನ ವಿಷ. ನಮ್ಮ ದೊಡ್ಡಪ್ಪನ ಕಣ್ಣಿಗೇ ಶನಿವಾರ ಕಣದಲ್ಲಿ ಭತ್ತದ ಹೊಟ್ಟು ಬಿತ್ತು ಅನ್ನಿ. ಉಜ್ಜಿದರು. ಭಾನುವಾರ ಹೂವಿನ ನೀರು. ಮಂಗಳವಾರ ಕಣ್ಣು ಕೆಂಡ, ಬೆಳಕು ನೋಡಲಾಗದು. ಡೋಸ್ ಸಾಲದು ಎಂದು ಇನ್ನಷ್ಟು ನೀರು. ಗುರುವಾರ ಮೆಡಿಕಲ್ ಶಾಪಿನ ಹುಡುಗ ಚೀಟಿ ಕೇಳದೆ ಒಂದು ಡ್ರಾಪ್ಸ್ ಕೊಟ್ಟ, ಅದರಲ್ಲಿ ಸ್ಟಿರಾಯ್ಡ್. ಶುಕ್ರವಾರ ಕೆಂಪು ಇಳಿಯಿತು, ಮನೆಯಲ್ಲಿ ಸಂಭ್ರಮ. ಇಳಿದದ್ದು ದೇಹದ ಪ್ರತಿರೋಧ. ಬೂಷ್ಟಿಗೆ ಈಗ ಕೇಳುವವರೇ ಇಲ್ಲ. ಮುಂದಿನ ವಾರ ಕಪ್ಪುಗುಡ್ಡೆಯ ಮೇಲೆ ಬಿಳಿ ಮಚ್ಚೆ, ಅಂಚು ಗರಿಗರಿಯಾಗಿ ಹರಡಿಕೊಂಡಿದೆ. ಆಗ ಬಸ್ ಹತ್ತಿ ಕಣ್ಣಿನ ಆಸ್ಪತ್ರೆಗೆ.

ಮಂಗಳವಾರವೇ ಹೊರಡಬೇಕಿತ್ತು ಎಂದು ಹೇಳಲು ಪಂಚಾಂಗ ನೋಡಬೇಕಿಲ್ಲ. ಸಾಮಾನ್ಯ ಕೆಂಗಣ್ಣಿನಲ್ಲಿ ತುರಿಕೆ, ಗೀಜು, ಚುಚ್ಚಿದಂತಾಗುವುದು ಇರುತ್ತದೆ. ಗೀಜು ಒರೆಸಿದರೆ ಅಕ್ಷರ ಮೊದಲಿನಂತೆಯೇ ಕಾಣುತ್ತದೆ. ನೋವು ಜೋರಾಗಿದ್ದರೆ, ಬೆಳಕು ಸಹಿಸಲಾಗದಿದ್ದರೆ, ಒರೆಸಿದರೂ ಮಂಜು ಹೋಗದಿದ್ದರೆ ಅದು ಕಾರ್ನಿಯಾದ ಮಾತು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗಂತೂ ಅಂದೇ ಆಸ್ಪತ್ರೆ. ಅವರ ಲೆನ್ಸಿಗೆ ನಲ್ಲಿ ನೀರೂ ವರ್ಜ್ಯ, ರೋಸ್ ವಾಟರೂ ವರ್ಜ್ಯ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾ ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ. ನಲ್ಲಿ ನೀರಿಗೆ ಒಂದೇ ಒಂದು ಘನಕಾರ್ಯ ಉಳಿದಿದೆ: ಎಲೆಅಡಿಕೆ ಸುಣ್ಣವೋ ಆಸಿಡ್ಡೋ ಕಣ್ಣಿಗೆ ಸಿಡಿದಾಗ, ಒಂದು ಕ್ಷಣ ತಡಮಾಡದೆ ಇಪ್ಪತ್ತು ನಿಮಿಷವಾದರೂ ಧಾರೆಯಾಗಿ ಹರಿಸಿ ತೊಳೆದು ಆಸ್ಪತ್ರೆಗೆ ಓಡುವುದು. ತಮಾಷೆಯೆಂದರೆ ಆಗ ಮಾತ್ರ ನಮ್ಮವರು ನೀರು ಹಾಕಬೇಡಿ, ತುಪ್ಪ ಹಾಕಿ ಅನ್ನುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರು ಹಳದಿ ಬಣ್ಣದ ಹನಿ ಬಿಟ್ಟು ನೀಲಿ ಬೆಳಕು ಹಾಯಿಸಿದರು. ಹುಣ್ಣು ಹಸಿರಾಗಿ ಹೊಳೆಯಿತು. ಅದರ ಅಂಚನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಎಳೆಗಳು. ಗಂಟೆಗೊಮ್ಮೆ ಬೂಷ್ಟು ಕೊಲ್ಲುವ ನ್ಯಾಟಮೈಸಿನ್ ಹನಿ, ವಾರಗಟ್ಟಲೆ. ವಾಸಿಯಾದರೂ ಕಲೆ ಉಳಿಯುತ್ತದೆ. ನಡುಮಧ್ಯೆ ಉಳಿದರೆ ದಾನದ ಕಾರ್ನಿಯಾಕ್ಕೆ ಕಾಯಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳು ನಾಲ್ವರಿಗೆ ಬೆಳಕಾದಾಗ ರಾಜ್ಯವೆಲ್ಲ ನೇತ್ರದಾನದ ಫಾರಂ ತುಂಬಲು ಸಾಲುಗಟ್ಟಿತ್ತು. ಆ ಸಾಲಿನಲ್ಲಿ ನಿಂತು ಬಂದ ಮನೆಗಳ ಫ್ರಿಡ್ಜಿನಲ್ಲೂ ಈ ಬಾಟಲಿ ಇದೆ.

“ಕಣ್ಣಿಗೆ ಏನು ಹಾಕಿದ್ರಿ ಯಜಮಾನ್ರೆ?” ಡಾಕ್ಟರು ಕೇಳಿದರು.

“ಏನೂ ಹಾಕಿಲ್ಲ ಸಾರ್,” ಎಂದರು ದೊಡ್ಡಪ್ಪ. ಹೂವಿನ ನೀರು ಅವರ ಲೆಕ್ಕದಲ್ಲಿ ಏನೋ ಹಾಕಿದ್ದಲ್ಲ.

ದೊಡ್ಡಮ್ಮ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ದನಿ ತಗ್ಗಿಸಿ ಕೇಳಿದರು: “ಡಾಕ್ಟ್ರೇ, ಗಂಟೆಗೊಂದು ಸಲ ಈ ಪಾಟಿ ಕೆಮಿಕಲ್ ಬಿಟ್ರೆ ಕಣ್ಣಿಗೆ ಏನೂ ತೊಂದ್ರೆ ಆಗಲ್ವಾ?”