ಅವರ ನಾಳೆ ಬೆಳಿಗ್ಗೆ, ನಮ್ಮ ಇವತ್ತು ರಾತ್ರಿ

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಗೂ ಕ್ಯಾಲಿಫೋರ್ನಿಯಾದಲ್ಲಿರುವ ಅದರ ವಿನ್ಯಾಸ ತಂಡಕ್ಕೂ ನಡುವೆ ಓಡಾಡುವ ಸಂದೇಶಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ನನ್ನಿಂದ ಹೆಚ್ಚು ತಪ್ಪು ಮಾಡಿಸಿದ ಪದಗಳು ತಾಂತ್ರಿಕ ಪದಗಳಲ್ಲ. ‘ಇವತ್ತು ರಾತ್ರಿ’, ‘ನಾಳೆ ಬೆಳಿಗ್ಗೆ’ ಎಂಬ ಮನೆಮಾತಿನ ಪದಗಳು.

ಕಳೆದ ಸೆಪ್ಟೆಂಬರಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಬುಧವಾರ ಬೆಳಿಗ್ಗೆ 9.10ಕ್ಕೆ ನನ್ನ ಫೋನಿಗೆ ಒಂದು ಸಂದೇಶ ಬಂತು: ನಾಳೆ ಬೆಳಿಗ್ಗೆ 9ಕ್ಕೆ ಡ್ರಾಯಿಂಗ್ ನೋಡೋಣ. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಂದೆ. ನಮ್ಮ ಸೂಪರ್‌ವೈಸರ್ ಅದನ್ನು ಗುರುವಾರ ಬೆಳಿಗ್ಗೆ ಎಂದು ಓದಿಕೊಂಡರು. ಬೇರೆ ಹೇಗೂ ಓದಲು ಸಾಧ್ಯವಿರಲಿಲ್ಲ. ಆದರೆ ಅದನ್ನು ಬರೆದವರ ಊರಿನಲ್ಲಿ ಆಗ ಮಂಗಳವಾರ ರಾತ್ರಿ 8.40. ಅವರ ‘ನಾಳೆ’ ಎಂದರೆ ಬುಧವಾರ, ಅವರ ಬೆಳಗಿನ 9 ಗಂಟೆ ಎಂದರೆ ನಮ್ಮ ಬುಧವಾರ ರಾತ್ರಿ 9.30. ಅವರು ನಾಳೆ ಬೆಳಿಗ್ಗೆ ಎಂದದ್ದು ನಮಗೆ ಇವತ್ತು ರಾತ್ರಿಯಾಗಿತ್ತು. ಆ ರಾತ್ರಿ ಅವರು ಕಾದು ಕುಳಿತರು, ಇಲ್ಲಿ ಯಾರೂ ಇರಲಿಲ್ಲ.

ಅನುವಾದದಲ್ಲಿ ಒಂದು ಪದವೂ ತಪ್ಪಿರಲಿಲ್ಲ. ನನ್ನನ್ನು ದಾರಿ ತಪ್ಪಿಸಿದ್ದು ಸಂದೇಶದ ಪಕ್ಕದಲ್ಲಿ ಕಾಣುತ್ತಿದ್ದ ಸಮಯ. ಫೋನು ಅದನ್ನು ನಮ್ಮ ಗಡಿಯಾರಕ್ಕೆ ಬದಲಾಯಿಸಿ ತೋರಿಸುತ್ತದೆ. ಹಾಗಾಗಿ ಬರೆದವರೂ ಬುಧವಾರವೇ ಬರೆದಂತೆ ಕಾಣುತ್ತದೆ. ಈಗ ಇಂಥ ಪದ ಎದುರಾದರೆ ಅನುವಾದಕ್ಕೆ ಕೈ ಹಾಕುವ ಮೊದಲು, ಕಳುಹಿಸಿದ ಕ್ಷಣದಲ್ಲಿ ಅವರ ಊರಿನಲ್ಲಿ ಯಾವ ವಾರ, ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತೇನೆ. ನಾನು ಓದಿದ ಹೊತ್ತಾಗಲಿ, ಅನುವಾದ ಮುಗಿಸಿದ ಹೊತ್ತಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ‘ನಾಳೆ ಬೆಳಿಗ್ಗೆ’ ಎಂಬುದನ್ನು ತೆಗೆದು ‘ಇವತ್ತು ರಾತ್ರಿ’ ಎಂದೇ ಬರೆದುಬಿಡಬಹುದಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಒಪ್ಪುವುದಿಲ್ಲ. ಬರೆದವರು ಕೆಲವೊಮ್ಮೆ ನಮ್ಮ ಬೆಳಗನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ನಾನು ಸದ್ದಿಲ್ಲದೆ ಬದಲಿಸಿದರೆ ಆ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿದುಹೋಗುತ್ತದೆ. ಅದಕ್ಕಾಗಿ ಅವರ ಮಾತನ್ನು ಉಳಿಸಿಕೊಂಡು, ಪಕ್ಕದಲ್ಲೇ ಬಿಡಿಸಿ ಬರೆಯುತ್ತೇನೆ: ‘ನಾಳೆ ಬುಧವಾರ ಬೆಳಿಗ್ಗೆ 9ಕ್ಕೆ, ಕ್ಯಾಲಿಫೋರ್ನಿಯಾ ಸಮಯ, ನಮ್ಮಲ್ಲಿ ಬುಧವಾರ ರಾತ್ರಿ 9.30.’ ಯಾರ ಬೆಳಿಗ್ಗೆ ಎಂಬ ಅನುಮಾನ ಉಳಿದರೆ ಎರಡೂ ಸಮಯಗಳನ್ನು ಬರೆದು, ಇವುಗಳಲ್ಲಿ ಯಾವುದು ಎಂದು ಅವರನ್ನೇ ಕೇಳುತ್ತೇನೆ. ಗಂಟೆಯನ್ನೇ ಹೇಳದೆ ‘ಇವತ್ತು ರಾತ್ರಿ ಕಳಿಸುತ್ತೇನೆ’ ಎಂದಿದ್ದರೆ ನಾನಾಗಿ ಗಂಟೆಯನ್ನು ಹುಟ್ಟಿಸುವುದಿಲ್ಲ. ‘ಅವರ ಮಂಗಳವಾರ ರಾತ್ರಿ, ನಮಗೆ ಬುಧವಾರ ಬೆಳಗಿನ ಹೊತ್ತು’ ಎಂದಷ್ಟೇ ಬರೆಯುತ್ತೇನೆ.

ಕನ್ನಡದಿಂದ ಆಚೆಗೆ ಹೋಗುವಾಗ ತೊಡಕು ಬೇರೆಯದು. ನಮ್ಮ ಮಾತಿನಲ್ಲಿ ರಾತ್ರಿ ಹನ್ನೆರಡಕ್ಕೆ ದಿನ ಬದಲಾಗುವುದಿಲ್ಲ, ಬೆಳಕು ಹರಿಯುವವರೆಗೂ ಅದೇ ರಾತ್ರಿ; ಪಂಚಾಂಗದ ವಾರವೂ ಸೂರ್ಯೋದಯಕ್ಕೇ ಬದಲಾಗುತ್ತದೆ. ಒಂದು ಸೋಮವಾರ ಸಂಜೆ 6ಕ್ಕೆ ಸೂಪರ್‌ವೈಸರ್ ‘ನಾಳೆ ರಾತ್ರಿ 1 ಗಂಟೆಗೆ ಲೋಡ್ ಹೊರಡುತ್ತೆ, ಅಷ್ಟರೊಳಗೆ ಒಪ್ಪಿಗೆ ಬೇಕು’ ಎಂದು ಬರೆದರು. ನಾನು ಮಂಗಳವಾರ ರಾತ್ರಿ 1 ಗಂಟೆ ಎಂದು ಇಂಗ್ಲಿಷಿಗೆ ತಂದೆ. ಅವರ ಮನಸ್ಸಿನಲ್ಲಿದ್ದದ್ದು ಮಂಗಳವಾರ ಕಳೆದ ಮೇಲಿನ 1 ಗಂಟೆ, ಕ್ಯಾಲೆಂಡರಿನ ಲೆಕ್ಕದಲ್ಲಿ ಬುಧವಾರ; ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರ ಮಧ್ಯಾಹ್ನ 12.30. ಅಲ್ಲಿನವರು ನನ್ನ ಮಾತನ್ನು ನಂಬಿ ಸೋಮವಾರ ಮಧ್ಯಾಹ್ನದೊಳಗೆ ಮುಗಿಸಬೇಕೆಂದು ಅವಸರ ಬಿದ್ದರು. ಅವರಿಗೆ ಇನ್ನೂ ಒಂದು ಇಡೀ ದಿನವಿತ್ತು. ಈಗ ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಯಾವ ಗಂಟೆ ಬಂದರೂ ‘ಮಂಗಳವಾರದ ರಾತ್ರಿ, ಅಂದರೆ ಬುಧವಾರದ ತಾರೀಖು’ ಎಂದು ಇಂಗ್ಲಿಷಿನಲ್ಲಿ ಎರಡನ್ನೂ ಕಾಣಿಸುತ್ತೇನೆ.

ಸಮಯದ ಹೆಸರನ್ನು ಊರಿನ ಹೆಸರಿನಿಂದಲೇ ಬರೆಯುವುದು ಒಳ್ಳೆಯದು. ಐಎಸ್‌ಟಿ ಎಂಬುದು ನಮಗೆ ಭಾರತದ ಸಮಯ, ಆದರೆ ಐರ್ಲೆಂಡ್ ಮತ್ತು ಇಸ್ರೇಲಿನವರೂ ತಮ್ಮ ಸಮಯವನ್ನು ಇದೇ ಮೂರಕ್ಷರದಿಂದ ಬರೆಯುತ್ತಾರೆ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೂ ನವೆಂಬರಿನ ಮೊದಲ ಭಾನುವಾರ ಹಿಂದಕ್ಕೂ ಹೋಗುತ್ತದೆ. ನಮಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ಕಳೆದ ನವೆಂಬರಿನ ಆ ವಾರ ಅವರ ಅದೇ 9 ಗಂಟೆಯ ಸಭೆಗೆ ‘ನಮ್ಮಲ್ಲಿ ರಾತ್ರಿ 10.30’ ಎಂದು ಬರೆದು ಕಳಿಸಿದೆ. ಎರಡು ನಿಮಿಷದಲ್ಲಿ ಸೂಪರ್‌ವೈಸರ್ ಫೋನ್ ಮಾಡಿ, ‘ಹೋದ ವಾರ ಒಂಬತ್ತೂವರೆ ಅಂದಿದ್ರಲ್ಲ ಮೇಡಂ, ಇದು ಸರಿಯಾಗಿದೆಯಾ?’ ಎಂದು ಕೇಳಿದರು. ಸರಿಯಾಗಿದೆ ಎಂದೆ.