ನೀಲಿ ಚುಕ್ಕೆಯ ತ್ರಿಶಂಕು ಸ್ಥಿತಿ

ಬೆಟ್ಟದ ಮೂರನೇ ತಿರುವಿಗೆ ಸಿಗ್ನಲ್ ಕಡ್ಡಿಗಳೆಲ್ಲ ಮಾಯ. ಪರದೆಯ ತುಂಬ ಬೂದು ಚೌಕಳಿ, ನಡುವೆ ತ್ರಿಶಂಕುವಿನಂತೆ ತೇಲುವ ನೀಲಿ ಚುಕ್ಕೆ. ಹಿಂದಿನ ಸೀಟಿನಿಂದ ತೀರ್ಪು ಬರುತ್ತದೆ: "ನೆಟ್ ಇಲ್ದೆ ಜಿಪಿಎಸ್ ಎಲ್ಲಿ ಕೆಲಸ ಮಾಡುತ್ತೆ?" ಪಾಪ, ಜಿಪಿಎಸ್ ತನ್ನ ಕೆಲಸ ಮುಗಿಸಿಯೇ ಕೂತಿದೆ. ಅದಕ್ಕೆ ಆಕಾಶ ಕಂಡರೆ ಸಾಕು. ಕೈಕೊಟ್ಟಿದ್ದು ನಕ್ಷೆ.

"ನಿನ್ನೆ ರಾತ್ರಿ ದಾರಿಯೆಲ್ಲ ನೋಡಿದ್ದೆನಲ್ಲ" ಎನ್ನುವವರು ಬಹಳ. ನೋಡಿದ್ದು ಬೇರೆ, ಇಳಿಸಿಕೊಂಡಿದ್ದು ಬೇರೆ. ನೋಡಿದ ನಕ್ಷೆಯ ಚೂರುಪಾರು ಫೋನಿನಲ್ಲಿ ಉಳಿದಿರುತ್ತದೆ. ಹೆದ್ದಾರಿ ಕಾಣುತ್ತದೆ, ಹಿಗ್ಗಿಸಿದರೆ ಊರೊಳಗಿನ ರಸ್ತೆ ಮಸುಕು.

ಗೂಗಲ್ ಮ್ಯಾಪ್ಸ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ Offline maps ಎಂಬಲ್ಲಿಗೆ ಹೋಗಿ Select your own map ಒತ್ತಿದರೆ ಒಂದು ಚೌಕಟ್ಟು ಸಿಗುತ್ತದೆ. ಅದನ್ನು ಎಳೆದು ಜಾಗ ಆರಿಸಿ, ಆ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಬೇಕು. ಇಲ್ಲಿ ಎಡವುವವರೇ ಹೆಚ್ಚು: ತಲುಪುವ ಊರಿನ ಸುತ್ತ ಅಚ್ಚುಕಟ್ಟಾಗಿ ಚೌಕಟ್ಟು ಹಾಕಿ, ಹೊರಡುವ ಊರನ್ನು ಆಚೆ ಬಿಡುತ್ತಾರೆ. 180 ಕಿಲೋಮೀಟರ್ ದಾರಿಯಲ್ಲಿ ಕೊನೆಯ 40 ಮಾತ್ರ ಒಳಗಿದ್ದರೆ, ನಡುದಾರಿಯಲ್ಲಿ ನೆಟ್ ಹೋದಾಗ ಹೊಸದಾಗಿ ದಾರಿ ಕೇಳಿದರೆ ಸಿಗುವುದಿಲ್ಲ. ದಾರಿ ಪೂರ್ತಿ ಚೌಕಟ್ಟಿನೊಳಗೆ ಇರಬೇಕು. ಇದ್ದರೂ ಅದು ಹೇಳುವುದು ವಾಹನದ ದಾರಿಯನ್ನಷ್ಟೇ. ನೆಟ್ ಇಲ್ಲದಾಗ ನಡಿಗೆಯ ದಾರಿ ಕೇಳಬೇಡಿ, ಟ್ರಾಫಿಕ್ ಸುದ್ದಿಯಂತೂ ದೂರದ ಮಾತು.

ಕಾಲುದಾರಿ, ಬೆಟ್ಟ ಅಂತಿದ್ದರೆ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್ ಮೇಲು. ಅದರ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ಅಂದರೆ ಊರೂರಿನ ಸ್ವಯಂಸೇವಕರು ಬಿಡಿಸಿದ್ದು. ಚೌಕಟ್ಟು ಎಳೆಯುವ ಗೋಜಿಲ್ಲ, ಪ್ರದೇಶಕ್ಕೊಂದು ಕಡತ. ದಾರಿ ಎರಡು ಪ್ರದೇಶ ದಾಟಿದರೆ ಎರಡನ್ನೂ ಇಳಿಸಿಕೊಳ್ಳಬೇಕು. ನಡಿಗೆ, ಸೈಕಲ್, ಕಾರು ಮೂರಕ್ಕೂ ನೆಟ್ ಇಲ್ಲದೆಯೇ ದಾರಿ ಹೇಳುತ್ತದೆ. ಆದರೆ ಯಾವ ಪುಣ್ಯಾತ್ಮನೂ ಬರೆದು ಸೇರಿಸದ ಹೋಟೆಲನ್ನು ಹುಡುಕಿದರೆ ಅದು ಮೌನಿ. ಹಾಗಾಗಿ ಎರಡೂ ಆ್ಯಪ್ ಇರಲಿ ಎಂಬುದೇ ನಮ್ಮ ಪಕ್ಷ: ಹೆಸರು ಹುಡುಕಲು ಗೂಗಲ್, ಕಾಲುದಾರಿಗೆ ಆರ್ಗ್ಯಾನಿಕ್.

ಪರೀಕ್ಷೆ ಮನೆಯಲ್ಲೇ ಆಗಲಿ. ವೈಫೈ, ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಿ, ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ತಲುಪುವ ಊರಿನ ಒಂದು ಓಣಿಯನ್ನು ಹುಡುಕಿ, ಅಲ್ಲಿಗೆ ದಾರಿ ಕೇಳಿ. ದಾರಿಯ ನಡುಭಾಗವನ್ನು ಹಿಗ್ಗಿಸಿ ನೋಡಿ. ಬಣ್ಣದ ರಸ್ತೆಗಳು ಒಂದು ಗೆರೆಯಲ್ಲಿ ಕತ್ತರಿಸಿದಂತೆ ನಿಂತರೆ ಚೌಕಟ್ಟು ಮುಗಿದದ್ದು ಅಲ್ಲೇ.

ಇಷ್ಟಾದರೂ ಚುಕ್ಕೆ ಒಮ್ಮೊಮ್ಮೆ ಕದಲುವುದಿಲ್ಲ. ಉಪಗ್ರಹಗಳು ಎಲ್ಲಿವೆ ಎಂಬ ವಿವರವನ್ನು ಫೋನು ಸಾಮಾನ್ಯವಾಗಿ ನೆಟ್‌ನಿಂದ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಉಪಗ್ರಹವೇ ಹೇಳಬೇಕು, ಅದರ ಮಾತಿನ ವೇಗ ಸೆಕೆಂಡಿಗೆ 50 ಬಿಟ್. ಸರಿಯಾಗಿ ಕೇಳಿಸಿದರೂ ಅರ್ಧ ನಿಮಿಷದಷ್ಟು ಬೇಕು, ನಡುವೆ ಮರವೋ ಬಂಡೆಯೋ ಅಡ್ಡ ಬಂದರೆ ತಪ್ಪಿಹೋದ ಭಾಗ ಮತ್ತೆ ಬರುವವರೆಗೆ ಕಾಯಬೇಕು. ಫೋನನ್ನು ಕುಲುಕಿ, ಬೈದು, ರೀಸ್ಟಾರ್ಟ್ ಮಾಡಿದರೆ ಕೆಲಸ ಇನ್ನೂ ಹಿಂದೆ ಹೋಗುತ್ತದೆ. ಬಯಲಿನಲ್ಲಿ ಗಾಡಿ ನಿಲ್ಲಿಸಿ, ಫೋನನ್ನು ಆಕಾಶಕ್ಕೆ ಮುಖ ಮಾಡಿ ಹಿಡಿದು, ಎರಡು ನಿಮಿಷ ಸುಮ್ಮನಿರಿ. ಹಿಂದಿನ ಸೀಟಿನವರನ್ನೂ ಸುಮ್ಮನಿರಿಸುವ ಆ್ಯಪ್ ಇನ್ನೂ ಬಂದಿಲ್ಲ.