ಹದಿನಾಲ್ಕು ಮನೆಯ ಸರ್ವೆಗೆ ಟಿ-ಟೆಸ್ಟಾ, ರ್ಯಾಂಕ್ ಟೆಸ್ಟಾ?

ಶಿವಮೊಗ್ಗ ಕಡೆ ಪ್ರಾಜೆಕ್ಟ್ ಮಾಡುವ ಹುಡುಗರಿಗೆ ಸಿಗುವ ಸಲಹೆ ಒಂದೇ: "ಡೇಟಾ ಒಂದು ಕಡೆ ವಾಲಿದ್ದರೆ ಟಿ-ಟೆಸ್ಟ್ ಬಿಡಿ, ಮ್ಯಾನ್-ವಿಟ್ನಿ ರ್ಯಾಂಕ್ ಟೆಸ್ಟ್ ಹಾಕಿ." ನನಗೆ ಇದು ಅರ್ಧ ಮಾತ್ರ ಒಪ್ಪಿಗೆ.

ಒಂದು ಲೆಕ್ಕ ನೋಡೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ತೀರ್ಥಹಳ್ಳಿ ಕಡೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ವರ್ಷದ ಖರ್ಚು, ಸಾವಿರ ರೂಪಾಯಿಗಳಲ್ಲಿ. ದೋಟಿಯಲ್ಲಿ ತಾವೇ ಹೊಡೆಯುವ ಏಳು ಮನೆ, ಮರ ಹತ್ತುವ ಕೊನೆಗಾರರಿಂದ ಹೊಡೆಸುವ ಏಳು ಮನೆ. R ನಲ್ಲಿ ಮ್ಯಾನ್-ವಿಟ್ನಿಯ ಹೆಸರು wilcox.test.

```
doti <- c(12,14,15,18,20,22,24)
kone <- c(19,23,25,26,28,30,240)
t.test(doti, kone)
wilcox.test(doti, kone)
```

ಟಿ-ಟೆಸ್ಟಿನ ಪಿ ಸುಮಾರು 0.26. ರ್ಯಾಂಕ್ ಟೆಸ್ಟಿನದು 0.007. ಒಂದೇ ಡೇಟಾ, ಎರಡು ತೀರ್ಪು!

ಕಾರಣ ಆ 240. ಅದು ಕೊನೆಗಾರರ ಗುಂಪಿನ ಸರಾಸರಿಯನ್ನು 56ರ ಹತ್ತಿರಕ್ಕೆ ಎಳೆಯಿತು. ಆದರೆ ಅದಕ್ಕಿಂತ ಜಾಸ್ತಿ ಚದುರುವಿಕೆಯನ್ನು ಹಿಗ್ಗಿಸಿತು. ಹಾಗಾಗಿ ವ್ಯತ್ಯಾಸ ದೊಡ್ಡದಾದರೂ ಟಿ ಬೆಲೆ ಕುಗ್ಗಿತು. 240ರ ಜಾಗದಲ್ಲಿ 32 ಹಾಕಿ ನೋಡಿ, ಟಿ-ಟೆಸ್ಟ್ ಕೂಡ 0.004 ಅನ್ನುತ್ತದೆ. ರ್ಯಾಂಕ್ ಟೆಸ್ಟಿನ ಉತ್ತರ ಮಾತ್ರ ಕದಲುವುದಿಲ್ಲ. ಅದಕ್ಕೆ 32 ಆದರೂ, 240 ಆದರೂ ಹದಿನಾಲ್ಕನೇ ಸ್ಥಾನ ಅಷ್ಟೇ. (ಎಕರೆಗೆ ಇಷ್ಟು ಅಂತ ಲೆಕ್ಕ ಹಾಕಬೇಕಿತ್ತು ಅಂತೀರಾ? ನಿಜ. ಮೊದಲು ಅದನ್ನೇ ಮಾಡಿ. ಎಷ್ಟೋ ಸಲ ವಾಲುವಿಕೆ ಅಲ್ಲೇ ಕಡಿಮೆಯಾಗುತ್ತದೆ.)

ಹಾಗಾದರೆ ರ್ಯಾಂಕ್ ಟೆಸ್ಟೇ ಸರಿ ಅಲ್ವಾ? ನೀವು ಏನು ಕೇಳುತ್ತಿದ್ದೀರಿ ಅನ್ನುವುದನ್ನು ನೋಡಬೇಕು. ಎರಡೂ ಕಡೆಯಿಂದ ಒಂದೊಂದು ಮನೆ ತೆಗೆದು ಜೋಡಿ ಮಾಡಿದರೆ 49 ಜೋಡಿ. ಅದರಲ್ಲಿ 45ರಲ್ಲಿ ಕೊನೆಗಾರರ ಮನೆಯದೇ ಹೆಚ್ಚು ಖರ್ಚು. ರ್ಯಾಂಕ್ ಟೆಸ್ಟ್ ಹೇಳುವುದು ಇದನ್ನೇ. ಸರಾಸರಿ ಬಗ್ಗೆ ಅದು ಏನೂ ಹೇಳುವುದಿಲ್ಲ. ಎರಡೂ ಗುಂಪಿನ ಹರಡಿಕೆ ಒಂದೇ ಆಕಾರದಲ್ಲಿ ಇಲ್ಲದಿದ್ದರೆ ಮೀಡಿಯನ್ ಬಗ್ಗೆಯೂ ಹೇಳುವುದಿಲ್ಲ. "ಸಾಮಾನ್ಯವಾಗಿ ಯಾರ ಖರ್ಚು ಹೆಚ್ಚು" ಎಂಬ ಪ್ರಶ್ನೆಗೆ ಇದು ಸಾಕು. "ಇಡೀ ತಾಲ್ಲೂಕಿಗೆ ಸಬ್ಸಿಡಿ ಎಷ್ಟು ಬೇಕು" ಅಂದರೆ ಬೇಕಾದದ್ದು ಸರಾಸರಿ. ಆಗ ಆ 240ರ ಮನೆಯನ್ನು ಮರೆಯುವ ಹಾಗಿಲ್ಲ. ಏಳು ಮನೆಯಿಂದ ಸರಾಸರಿ ಗಟ್ಟಿಯಾಗಿ ಗೊತ್ತಾಗುವುದಿಲ್ಲ ಅಂತ ಬರೆದು, ಇನ್ನಷ್ಟು ಮನೆಗಳಿಗೆ ಹೋಗಬೇಕು.

ಡೇಟಾ ನಾರ್ಮಲ್ ಹರಡಿಕೆಯದೇ ಅಂತ ನೋಡುವ ಶಾಪಿರೋ-ವಿಲ್ಕ್ ಟೆಸ್ಟ್ ಮೊದಲು ಹಾಕಿ, ಅದು ಹೇಳಿದ ಹಾಗೆ ಟೆಸ್ಟ್ ಆರಿಸುವ ಪದ್ಧತಿಯೂ ನನಗೆ ಹಿಡಿಸುವುದಿಲ್ಲ. ಏಳು ಮನೆಯ ಡೇಟಾದಲ್ಲಿ ಸಾಧಾರಣ ವಾಲುವಿಕೆ ಅದರ ಕಣ್ಣಿಗೆ ಬೀಳುವುದೇ ಕಷ್ಟ. ಎರಡೂ ಟೆಸ್ಟ್ ಓಡಿಸಿ, ಪಿ ಚಿಕ್ಕದಿರುವುದನ್ನು ವರದಿಗೆ ಹಾಕುವುದಂತೂ ಮೋಸ. ಯಾವುದು ಅಂತ ಡೇಟಾ ತೆರೆಯುವ ಮೊದಲೇ ಬರೆದಿಡಿ.

ಸ್ಯಾಂಪಲ್ ಇನ್ನೂ ಸಣ್ಣದಾದರೆ ರ್ಯಾಂಕ್ ಟೆಸ್ಟೂ ಕೈಕೊಡುತ್ತದೆ. ಈ ಕಡೆ ಮೂರು, ಆ ಕಡೆ ಮೂರು ಮನೆ ಇದ್ದರೆ ಆರು ಸ್ಥಾನಗಳನ್ನು ಎರಡು ಗುಂಪಿಗೆ ಹಂಚಬಹುದಾದ ರೀತಿಗಳೇ 20. ಒಂದು ಗುಂಪು ಪೂರ್ತಿ ಮೇಲಿದ್ದರೂ ಎರಡು ಬದಿಯ ಪಿ 0.1. ಅಷ್ಟು ಮನೆಗಳಿಂದ 0.05 ಮುಟ್ಟಲು ದಾರಿಯೇ ಇಲ್ಲ.